ಬಟನ್ ಒತ್ತಿದರೆ ತೆರೆಯುವ ವಾಲ್ವ್ ಪಲ್ಸ್‌ಗೆ ಯಾಕೆ ತೆರೆಯುವುದಿಲ್ಲ? ಕರೆಂಟ್ ಏರುವ ಗೆರೆ ನೋಡಿ ದೋಷ ಹುಡುಕುವುದು

ತೊಂದರೆ ಏನು

12 ವೋಲ್ಟ್‌ನ ಸೊಲೆನಾಯ್ಡ್ ವಾಲ್ವ್. ಟೆಸ್ಟ್ ಬಟನ್ ಒತ್ತಿ ಹಿಡಿದರೆ ಟಕ್ ಅಂತ ತೆರೆಯುತ್ತದೆ. ಆದರೆ ಮೆಷಿನ್ ಓಡುವಾಗ ಕಂಟ್ರೋಲರ್ 8 ಮಿಲಿಸೆಕೆಂಡ್‌ನ ಪಲ್ಸ್ ಕೊಟ್ಟರೆ ಒಮ್ಮೆ ತೆರೆಯುತ್ತದೆ, ಇನ್ನೊಮ್ಮೆ ಇಲ್ಲ. ಕಾಯಿಲ್ ಬಿಸಿಯಾದ ಮೇಲೆ ತಪ್ಪುವುದು ಇನ್ನೂ ಜಾಸ್ತಿ.

ಮಲ್ಟಿಮೀಟರ್ ಹಿಡಿದರೆ ಎಲ್ಲವೂ ಸರಿ ಎಂದೇ ತೋರಿಸುತ್ತದೆ. ಸಪ್ಲೈ 12 ವೋಲ್ಟ್ ಇದೆ. ಕಾಯಿಲ್‌ನ ರೆಸಿಸ್ಟೆನ್ಸ್ 23 ಓಮ್ ಇದೆ, ಹೊಸದರಲ್ಲೂ ಅಷ್ಟೇ ಇತ್ತು. ಹಾಗಾಗಿ ಪ್ರೋಗ್ರಾಂ ಮೇಲೆ ಅನುಮಾನ ಬರುತ್ತದೆ, ಕಾಯಿಲ್‌ಗೆ ಸ್ವಿಚ್ ಆಗಿರುವ ಮಾಸ್‌ಫೆಟ್ ಬದಲಾಗುತ್ತದೆ, ಕೊನೆಗೆ ವಾಲ್ವೂ ಬದಲಾಗುತ್ತದೆ. ತೊಂದರೆ ಮಾತ್ರ ಹಾಗೇ ಇರುತ್ತದೆ.

ನಾನು ನೋಡಿದ ಮೆಷಿನ್‌ನಲ್ಲಿ ಇಂಥ ಆರು ವಾಲ್ವ್‌ಗಳಿದ್ದವು. ಐದು ಸರಿಯಾಗಿದ್ದವು, ನಾಲ್ಕನೆಯದು ಮಾತ್ರ ಕೈಕೊಡುತ್ತಿತ್ತು. ಸರಿಯಾಗಿರುವ ಐದು ಪಕ್ಕದಲ್ಲೇ ಇರುವುದು ದೊಡ್ಡ ಅನುಕೂಲ. ಹೋಲಿಸಿ ನೋಡಲು ಬೇರೆಲ್ಲೂ ಹುಡುಕಬೇಕಿಲ್ಲ.

ಮೀಟರ್‌ಗೆ ಇದು ಯಾಕೆ ಕಾಣುವುದಿಲ್ಲ

ಸ್ವಿಚ್ ಹಾಕಿದ ತಕ್ಷಣ ಕಾಯಿಲ್‌ನಲ್ಲಿ ಪೂರ್ತಿ ಕರೆಂಟ್ ಹರಿಯುವುದಿಲ್ಲ. ಕರೆಂಟ್ ಏರುತ್ತಿದ್ದಂತೆ ಕಾಯಿಲ್‌ನ ಕಾಂತಕ್ಷೇತ್ರವೂ ಬೆಳೆಯುತ್ತದೆ. ಬೆಳೆಯುವ ಆ ಕ್ಷೇತ್ರ ಅದೇ ಕಾಯಿಲ್‌ನಲ್ಲಿ ಎದುರು ದಿಕ್ಕಿನ ವೋಲ್ಟೇಜ್ ಹುಟ್ಟಿಸುತ್ತದೆ. ಇದೇ ಸ್ವಯಂಪ್ರೇರಣೆ. ಸೆಕೆಂಡಿಗೆ 1 ಆಂಪಿಯರ್‌ನಂತೆ ಕರೆಂಟ್ ಏರುವಾಗ 1 ವೋಲ್ಟ್ ಎದುರು ಬಂದರೆ ಆ ಕಾಯಿಲ್‌ನ ಇಂಡಕ್ಟೆನ್ಸ್ 1 ಹೆನ್ರಿ.

ಗಮನಿಸಬೇಕಾದ ವಿಷಯ ಏನೆಂದರೆ, ಕಾಯಿಲ್ ತಡೆಯುವುದು ಕರೆಂಟನ್ನಲ್ಲ, ಕರೆಂಟಿನ ಬದಲಾವಣೆಯನ್ನು. ಕರೆಂಟ್ ಒಂದು ಮಟ್ಟಕ್ಕೆ ಬಂದು ನಿಂತ ಮೇಲೆ ಇಂಡಕ್ಟೆನ್ಸ್‌ಗೆ ಕೆಲಸ ಇಲ್ಲ, ಉಳಿಯುವುದು ತಂತಿಯ ರೆಸಿಸ್ಟೆನ್ಸ್ ಮಾತ್ರ. ಬಟನ್ ಒತ್ತಿ ಹಿಡಿದಾಗ ನೀವು ನೋಡುವುದು ಈ ನಿಂತ ಸ್ಥಿತಿಯನ್ನೇ. ಮೀಟರ್ ತೋರಿಸುವುದೂ ಅದನ್ನೇ. ದೋಷ ಇರುವುದು ಮೊದಲ ಎಂಟು ಮಿಲಿಸೆಕೆಂಡ್‌ಗಳಲ್ಲಿ.

ಕರೆಂಟ್ ಏರುವ ಲೆಕ್ಕ ಹೀಗಿದೆ:

```
V = R·i + L·(di/dt)
i(t) = (V/R)·(1 − e^(−t/τ)),   τ = L/R
```

ಈ ಸೂತ್ರದ ಎರಡು ತುದಿಗಳನ್ನು ಬೇರೆ ಬೇರೆಯಾಗಿ ನೋಡಿ. ಶುರುವಿನಲ್ಲಿ i ಸೊನ್ನೆ. ಅಂದರೆ R·i ಕೂಡ ಸೊನ್ನೆ. ಆಗ ಕರೆಂಟ್ ಏರುವ ವೇಗ V/L ಮಾತ್ರ, ರೆಸಿಸ್ಟೆನ್ಸ್‌ಗೆ ಅಲ್ಲಿ ಪಾತ್ರವೇ ಇಲ್ಲ. ಕೊನೆಯಲ್ಲಿ ಏರುವುದು ನಿಂತಿರುತ್ತದೆ. ಆಗ ಕರೆಂಟ್ V/R ಮಾತ್ರ, ಇಂಡಕ್ಟೆನ್ಸ್‌ಗೆ ಪಾತ್ರ ಇಲ್ಲ. ಹಾಗಾಗಿ ಗೆರೆಯ ಬುಡ ಒಂದು ಕಥೆ ಹೇಳುತ್ತದೆ, ತುದಿ ಇನ್ನೊಂದು ಕಥೆ ಹೇಳುತ್ತದೆ. ಎರಡನ್ನೂ ಓದಿದರೆ ದೋಷ ಯಾವ ಕಡೆ ಇದೆ ಎಂದು ಗೊತ್ತಾಗುತ್ತದೆ.

ಗೆರೆ ನೋಡುವುದು ಹೇಗೆ

ಮಾಸ್‌ಫೆಟ್‌ನ ಸೋರ್ಸ್ ಮತ್ತು ಗ್ರೌಂಡ್ ನಡುವೆ 1 ಓಮ್‌ನ, 1 ವ್ಯಾಟ್‌ನ ಒಂದು ರೆಸಿಸ್ಟರ್ ಸೇರಿಸಿ. ಸ್ಕೋಪ್‌ನ ಗ್ರೌಂಡ್ ಕ್ಲಿಪ್ಪನ್ನು ಗ್ರೌಂಡ್‌ಗೆ, ಪ್ರೋಬ್ ತುದಿಯನ್ನು ಸೋರ್ಸ್‌ಗೆ ಹಾಕಿ. ಇಲ್ಲಿ ಕಾಣುವ ಒಂದೊಂದು ಮಿಲಿವೋಲ್ಟ್ ಒಂದೊಂದು ಮಿಲಿಆಂಪಿಯರ್. ಇನ್ನೊಂದು ಚಾನೆಲ್ಲನ್ನು ಗೇಟ್‌ಗೆ ಹಾಕಿ, ಅದರ ಏರುವ ಅಂಚಿಗೆ ಸಿಂಗಲ್ ಟ್ರಿಗರ್ ಇಡಿ. ಪರದೆಯ ಒಂದು ಚೌಕಕ್ಕೆ 2 ಮಿಲಿಸೆಕೆಂಡ್ ಸಾಕು.

ಮೊದಲು ಸರಿಯಾಗಿರುವ ವಾಲ್ವ್‌ನ ಗೆರೆ ಹಿಡಿದು ಉಳಿಸಿಟ್ಟುಕೊಳ್ಳಿ. ನಮ್ಮ ಮೆಷಿನ್‌ನಲ್ಲಿ ಅದು ಹೀಗಿತ್ತು: ಕಾಯಿಲ್‌ನ 23 ಓಮ್, ನಾವು ಸೇರಿಸಿದ 1 ಓಮ್, ಒಟ್ಟು 24 ಓಮ್. ಪಲ್ಸ್ ಉದ್ದ ಮಾಡಿ ನೋಡಿದರೆ ಕೊನೆಯ ಕರೆಂಟ್ 0.5 ಆಂಪಿಯರ್. 1 ಮಿಲಿಸೆಕೆಂಡ್‌ಗೆ ಸುಮಾರು 91 ಮಿಲಿಆಂಪಿಯರ್.

ಗೆರೆ ಹತ್ತುತ್ತಾ ಹೋಗಿ, ಸುಮಾರು 4.6 ಮಿಲಿಸೆಕೆಂಡ್‌ನಲ್ಲಿ, 0.3 ಆಂಪಿಯರ್ ಮುಟ್ಟಿದಾಗ ಒಂದು ಸಣ್ಣ ತಗ್ಗು ಕಾಣುತ್ತದೆ. ಕರೆಂಟ್ ಸ್ವಲ್ಪ ಇಳಿದು ಮತ್ತೆ ಏರುತ್ತದೆ. ಮೊದಲ ಸಲ ನೋಡುವವರು ಇದನ್ನೇ ದೋಷ ಅಂದುಕೊಳ್ಳುತ್ತಾರೆ. ಅದು ದೋಷ ಅಲ್ಲ, ವಾಲ್ವ್ ತೆರೆಯುವ ಪ್ಲಂಜರ್ ಚಲಿಸಿದ ಗುರುತು. ಕಬ್ಬಿಣದ ಪ್ಲಂಜರ್ ಒಳಗೆ ಬರುತ್ತಿದ್ದಂತೆ ಇಂಡಕ್ಟೆನ್ಸ್ ಹೆಚ್ಚುತ್ತದೆ. ಅದರಿಂದ ಇನ್ನಷ್ಟು ಎದುರು ವೋಲ್ಟೇಜ್ ಹುಟ್ಟಿ ಕರೆಂಟನ್ನು ಒಂದು ಕ್ಷಣ ಕೆಳಗೆ ತಳ್ಳುತ್ತದೆ. ಆ ತಗ್ಗು ಇದೆ ಅಂದರೆ ವಾಲ್ವ್ ನಿಜವಾಗಿಯೂ ಚಲಿಸಿದೆ. ತಗ್ಗು ಇಲ್ಲ ಅಂದರೆ ಕರೆಂಟ್ ಹರಿದಿದೆ, ಆದರೆ ಒಳಗೆ ಏನೂ ಕದಲಿಲ್ಲ. ವಾಲ್ವ್ ಬಿಚ್ಚದೆ ಇಷ್ಟು ಗಟ್ಟಿ ಸಾಕ್ಷಿ ಸಿಗುವುದು ನನಗೆ ಪ್ರತಿ ಸಲವೂ ಖುಷಿ ಕೊಡುತ್ತದೆ.

ಈ ತಗ್ಗಿನಿಂದ ಒಂದು ತೊಡಕೂ ಇದೆ. ಪುಸ್ತಕಗಳಲ್ಲಿ ಹೇಳುವಂತೆ 63 ಪ್ರತಿಶತ ಮುಟ್ಟುವ ಸಮಯ ನೋಡಿ τ ಅಳೆಯೋಣ ಅಂದರೆ, ಅಷ್ಟು ಹೊತ್ತಿಗೆ ಪ್ಲಂಜರ್ ಚಲಿಸಿ ಗೆರೆ ಕೆಟ್ಟಿರುತ್ತದೆ. ಅದಕ್ಕೆ ಸಪ್ಲೈಯನ್ನು 6 ವೋಲ್ಟ್‌ಗೆ ಇಳಿಸಿ ಅಳೆಯಿರಿ. ಆಗ ಕೊನೆಯ ಕರೆಂಟ್ 0.25 ಆಂಪಿಯರ್, ಪ್ಲಂಜರ್ ಎಳೆಯಲು ಸಾಲದು. ಗೆರೆ ಶುದ್ಧವಾಗಿ ಬರುತ್ತದೆ. ನಮಗೆ 0.158 ಆಂಪಿಯರ್ ಬಂದದ್ದು 5 ಮಿಲಿಸೆಕೆಂಡ್‌ನಲ್ಲಿ. ಅಂದರೆ τ 5 ಮಿಲಿಸೆಕೆಂಡ್. ಅದನ್ನು 24 ಓಮ್‌ನಿಂದ ಗುಣಿಸಿದರೆ ಇಂಡಕ್ಟೆನ್ಸ್ 120 ಮಿಲಿಹೆನ್ರಿ. ಇದು ಪ್ಲಂಜರ್ ಹೊರಗಿರುವಾಗಿನ ಲೆಕ್ಕ. ಪ್ಲಂಜರ್ ಪೂರ್ತಿ ಒಳಗೆ ಬಂದಾಗ ಅದೇ ಕಾಯಿಲ್ ಸುಮಾರು 200 ಮಿಲಿಹೆನ್ರಿ ಆಗುತ್ತಿತ್ತು.

ಕಬ್ಬಿಣದ ಕೋರ್ ಇರುವುದರಿಂದ ನಿಜವಾದ ಗೆರೆ ಸೂತ್ರದ ಗೆರೆಯ ಮೇಲೆ ತಾಳೆ ಹಾಕಿದಂತೆ ಕೂರುವುದಿಲ್ಲ. ಕೆಲವು ಪ್ರತಿಶತ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಹೋಲಿಸಬೇಕಾದದ್ದು ಪಕ್ಕದ ಒಳ್ಳೆಯ ವಾಲ್ವ್‌ನ ಗೆರೆಯ ಜೊತೆ.

ಕೆಟ್ಟ ಗೆರೆಯನ್ನು ಓದುವುದು

ನಾಲ್ಕನೆಯ ವಾಲ್ವ್‌ಗೆ ಉದ್ದ ಪಲ್ಸ್ ಕೊಟ್ಟಾಗ ಕೊನೆಯ ಕರೆಂಟ್ 0.33 ಆಂಪಿಯರ್ ಮಾತ್ರ ಬಂತು. ಇಷ್ಟು ಗೊತ್ತಾದರೆ ಸಾಕು ಎಂದು ಇಲ್ಲೇ ನಿಲ್ಲಿಸಬಾರದು. 0.33 ಆಂಪಿಯರ್ ಎರಡು ದಾರಿಯಲ್ಲಿ ಬರಬಹುದು. ಎಲ್ಲೋ ರೆಸಿಸ್ಟೆನ್ಸ್ ಸೇರಿಕೊಂಡಿರಬಹುದು. ಇಲ್ಲವೇ ಲೋಡ್ ಬಿದ್ದಾಗ ಸಪ್ಲೈ 8 ವೋಲ್ಟ್‌ಗೆ ಕುಸಿಯುತ್ತಿರಬಹುದು. ಎರಡಕ್ಕೂ ತುದಿ ಒಂದೇ, ಬುಡ ಬೇರೆ.

ಸಪ್ಲೈ ಕುಸಿಯುತ್ತಿದ್ದರೆ V ಕಡಿಮೆ. ಹಾಗಾಗಿ ಗೆರೆ ಬುಡದಲ್ಲೇ ಸೋಮಾರಿಯಾಗಿ ಏಳುತ್ತದೆ. 1 ಮಿಲಿಸೆಕೆಂಡ್‌ಗೆ 91ರ ಬದಲು ಸುಮಾರು 60 ಮಿಲಿಆಂಪಿಯರ್ ಇರುತ್ತದೆ. ರೆಸಿಸ್ಟೆನ್ಸ್ ಸೇರಿಕೊಂಡಿದ್ದರೆ ಬುಡ ಹಾಗೇ ಕಡಿದಾಗಿ ಏಳುತ್ತದೆ, ಆಮೇಲೆ ಬೇಗ ಬಾಗಿ ಚಪ್ಪಟೆ ಆಗುತ್ತದೆ. 1 ಮಿಲಿಸೆಕೆಂಡ್‌ಗೆ 86 ಮಿಲಿಆಂಪಿಯರ್, ಒಳ್ಳೆಯದರಷ್ಟೇ ಅಂದರೂ ತಪ್ಪಿಲ್ಲ.

ನಮಗೆ ಬಂದದ್ದು 86.

ಮೂರನೆಯ ಸಾಧ್ಯತೆಯನ್ನೂ ಹೇಳಿಬಿಡುತ್ತೇನೆ. ಬುಡ ಸೋಮಾರಿ, ಆದರೆ ಕೊನೆಯ ಕರೆಂಟ್ ಸರಿಯಾಗಿ 0.5, ಮಧ್ಯದಲ್ಲಿ ತಗ್ಗು ಇಲ್ಲ. ಹೀಗಿದ್ದರೆ ಪ್ಲಂಜರ್ ಒಳಗೇ ಸಿಕ್ಕಿಕೊಂಡಿದೆ. ಇಂಡಕ್ಟೆನ್ಸ್ ಮೊದಲಿನಿಂದಲೇ 200 ಮಿಲಿಹೆನ್ರಿ ಇರುವುದರಿಂದ 1 ಮಿಲಿಸೆಕೆಂಡ್‌ಗೆ ಸುಮಾರು 57 ಮಿಲಿಆಂಪಿಯರ್ ಮಾತ್ರ. ಆಗ ವಯರಿಂಗ್ ಮುಟ್ಟಬೇಡಿ, ವಾಲ್ವ್ ಬಿಚ್ಚಿ ಕೊಳೆ ತೆಗೆಯಿರಿ.

ಹೀಗೆ ಮೂರು ದೋಷಗಳನ್ನು ಬೇರೆ ಮಾಡಲು ಎರಡೇ ಓದುಗಳು ಸಾಕು: 1 ಮಿಲಿಸೆಕೆಂಡ್‌ನಲ್ಲಿ ಎಷ್ಟು, ಕೊನೆಯಲ್ಲಿ ಎಷ್ಟು. ಬರೀ ಕೊನೆಯದನ್ನು ನೋಡಿ ಸಪ್ಲೈ ಬದಲಿಸಿದವರನ್ನು ನಾನು ನೋಡಿದ್ದೇನೆ. ಹೊಸ ಸಪ್ಲೈ ಬಂದ ಮೇಲೂ ಆ ಗೆರೆ ಬದಲಾಗಿರಲಿಲ್ಲ.

ಪಲ್ಸ್‌ಗೆ ಮಾತ್ರ ತಪ್ಪುತ್ತಿದ್ದದ್ದು ಯಾಕೆ

12 ವೋಲ್ಟನ್ನು 0.33 ಆಂಪಿಯರ್‌ನಿಂದ ಭಾಗಿಸಿದರೆ ಸುಮಾರು 36.4 ಓಮ್. ಇರಬೇಕಾದದ್ದು 24. ಅಂದರೆ ಎಲ್ಲೋ 12.4 ಓಮ್ ಹೆಚ್ಚಿಗೆ ಸೇರಿಕೊಂಡಿದೆ.

ಇಲ್ಲಿ ಓದುವವರಿಗೆ ಒಂದು ಗೊಂದಲ ಬರಬಹುದು. ರೆಸಿಸ್ಟೆನ್ಸ್ ಜಾಸ್ತಿ ಆದರೆ τ ಅಂದರೆ L/R ಕಡಿಮೆ ಆಗುತ್ತದೆ, ಅಲ್ವಾ? 120 ಮಿಲಿಹೆನ್ರಿಯನ್ನು 36.4 ಓಮ್‌ನಿಂದ ಭಾಗಿಸಿದರೆ 3.3 ಮಿಲಿಸೆಕೆಂಡ್. ಮೊದಲು 5 ಇತ್ತು. ಸರ್ಕ್ಯೂಟ್ ಚುರುಕಾಗಬೇಕಿತ್ತಲ್ಲ, ವಾಲ್ವ್ ಯಾಕೆ ತಡ ಮಾಡುತ್ತದೆ?

τ ಹೇಳುವುದು ಕರೆಂಟ್ ತನ್ನ ಕೊನೆಯ ಮಟ್ಟವನ್ನು ಎಷ್ಟು ಬೇಗ ಸಮೀಪಿಸುತ್ತದೆ ಎಂದು. ಪ್ಲಂಜರ್‌ಗೆ ಬೇಕಾದದ್ದು ಕೊನೆಯ ಮಟ್ಟ ಅಲ್ಲ, 0.3 ಆಂಪಿಯರ್. ಒಳ್ಳೆಯ ವಾಲ್ವ್‌ನಲ್ಲಿ 0.3 ಎಂದರೆ ದಾರಿಯ 60 ಪ್ರತಿಶತ, ಗೆರೆ ಇನ್ನೂ ಕಡಿದಾಗಿರುವಾಗಲೇ ಸಿಗುತ್ತದೆ. ಕೆಟ್ಟದರಲ್ಲಿ ಅದೇ 0.3 ದಾರಿಯ 91 ಪ್ರತಿಶತ. ಅಲ್ಲಿ ಗೆರೆ ಬಹುತೇಕ ಮಲಗಿಬಿಟ್ಟಿರುತ್ತದೆ.

```
t = τ · ln( 1 / (1 − i/I) )

ಒಳ್ಳೆಯದು:  5.0 × ln(1/0.40)  ≈ 4.6 ms
ಕೆಟ್ಟದ್ದು:   3.3 × ln(1/0.091) ≈ 7.9 ms
```

ಪಲ್ಸ್ ಇರುವುದು 8 ಮಿಲಿಸೆಕೆಂಡ್. ಎಳೆಯುವಷ್ಟು ಕರೆಂಟ್ ಬರುವುದು 7.9ಕ್ಕೆ. ಪ್ಲಂಜರ್ ಕದಲಲು ಶುರು ಮಾಡುವ ಹೊತ್ತಿಗೆ ಪಲ್ಸ್ ಮುಗಿಯುತ್ತದೆ. ಒಮ್ಮೆ ದಾಟುತ್ತದೆ, ಒಮ್ಮೆ ಅರ್ಧಕ್ಕೆ ಬಂದು ವಾಪಸ್ ಬೀಳುತ್ತದೆ. ಬಟನ್ ಒತ್ತಿ ಹಿಡಿದಾಗ ಸಮಯದ ಮಿತಿಯೇ ಇಲ್ಲ, 0.33 ಎಂಬುದು 0.3ಕ್ಕಿಂತ ಸ್ವಲ್ಪ ಮೇಲೇ ಇದೆ, ಹಾಗಾಗಿ ಟಕ್ ಅನ್ನುತ್ತದೆ.

ಬಿಸಿಯಾದಾಗ ಜಾಸ್ತಿ ತಪ್ಪುವುದಕ್ಕೂ ಇದರಲ್ಲೇ ಉತ್ತರ ಇದೆ. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಸುಮಾರು 0.39 ಪ್ರತಿಶತ ಏರುತ್ತದೆ. 60 ಡಿಗ್ರಿ ಬಿಸಿ ಏರಿದರೆ 23 ಓಮ್‌ನ ಕಾಯಿಲ್ 28ರ ಮೇಲೆ ಹೋಗುತ್ತದೆ. ಒಳ್ಳೆಯ ವಾಲ್ವ್ ಆಗಲೂ 5.4 ಮಿಲಿಸೆಕೆಂಡ್‌ನಲ್ಲಿ 0.3 ಮುಟ್ಟುತ್ತದೆ, ಏನೂ ತೊಂದರೆ ಇಲ್ಲ. ಆಗಲೇ ಅಂಚಿನಲ್ಲಿ ನಿಂತಿರುವ ವಾಲ್ವ್ ಮಾತ್ರ ಬೀಳುತ್ತದೆ. ಬಿಸಿ ಇಲ್ಲಿ ಮೂಲ ಕಾರಣ ಅಲ್ಲ, ಕೊನೆಯ ತಳ್ಳು ಅಷ್ಟೇ.

12.4 ಓಮ್ ಎಲ್ಲಿತ್ತು

ಇದನ್ನು ಓಮ್ ಮೀಟರ್‌ನಿಂದ ಹುಡುಕಬೇಡಿ. ಮೊದಲಿನವರು ಕನೆಕ್ಟರ್ ಕಿತ್ತು, ಕಾಯಿಲ್‌ನ ಎರಡು ಪಿನ್‌ಗಳ ಮೇಲೆ ಮೀಟರ್ ಇಟ್ಟು 23 ಓಮ್ ಓದಿದ್ದರು. ಕನೆಕ್ಟರ್ ಕಿತ್ತಾಗಲೇ ದೋಷವೂ ಅಳತೆಯಿಂದ ಹೊರಗೆ ಹೋಯಿತು.

ವಾಲ್ವನ್ನು ಆನ್ ಮಾಡಿ ಹಿಡಿದು, ಕರೆಂಟ್ ಹರಿಯುತ್ತಿರುವಾಗಲೇ ಮಲ್ಟಿಮೀಟರನ್ನು ವೋಲ್ಟ್‌ನಲ್ಲಿ ಇಟ್ಟು ದಾರಿಯುದ್ದಕ್ಕೂ ಒಂದೊಂದು ಜೋಡಣೆಯ ಎರಡು ಬದಿ ಮುಟ್ಟುತ್ತಾ ಹೋಗಿ. ಒಳ್ಳೆಯ ಜೋಡಣೆಯ ಮೇಲೆ ಕೆಲವೇ ಮಿಲಿವೋಲ್ಟ್ ಇರುತ್ತದೆ. ನಮಗೆ ವಾಲ್ವ್‌ನ ಕನೆಕ್ಟರ್‌ನಲ್ಲಿ, ಪ್ಲಸ್ ಪಿನ್‌ನ ವಯರ್ ಕಡೆಯಿಂದ ಪಿನ್ ಕಡೆಗೆ, 4.1 ವೋಲ್ಟ್ ಸಿಕ್ಕಿತು. 0.33 ಆಂಪಿಯರನ್ನು 12.4 ಓಮ್‌ನಿಂದ ಗುಣಿಸಿದರೂ ಅಷ್ಟೇ.

ಕನೆಕ್ಟರ್ ಬಿಚ್ಚಿದಾಗ ಆ ಪಿನ್ ಸುತ್ತಲಿನ ಬಿಳಿ ಪ್ಲಾಸ್ಟಿಕ್ ಹಳದಿ ತಿರುಗಿತ್ತು. ಅಷ್ಟು ಸಣ್ಣ ಜಾಗದಲ್ಲಿ 1.3 ವ್ಯಾಟ್‌ಗಿಂತ ಜಾಸ್ತಿ ಬಿಸಿ ಹುಟ್ಟುತ್ತಿತ್ತು. ಕ್ರಿಂಪ್ ಮಾಡುವಾಗ ವಯರ್‌ನ ಹೊರಪದರ ಸ್ವಲ್ಪ ಒಳಗೆ ಸೇರಿ, ತಾಮ್ರದ ನಾಲ್ಕೈದು ಎಳೆಗಳು ಮಾತ್ರ ಲೋಹವನ್ನು ಮುಟ್ಟುತ್ತಿದ್ದವು. ಆ ಎಳೆಗಳೂ ಕಪ್ಪಾಗಿದ್ದವು. ವಯರ್ ತುದಿ ಕತ್ತರಿಸಿ, ಹೊಸ ಪಿನ್ ಹಾಕಿ ಕ್ರಿಂಪ್ ಮಾಡಿದೆ. ಗೆರೆ ಒಳ್ಳೆಯ ವಾಲ್ವ್‌ನ ಗೆರೆಯ ಮೇಲೇ ಬಂದು ಕೂತಿತು. ತಗ್ಗು 4.6ರಲ್ಲಿ.

ಮರುದಿನ ಬಂದ ಎರಡನೇ ದೂರು

ಅದೇ ವಾಲ್ವ್ ಈಗ ಮುಚ್ಚುತ್ತಲೇ ಇಲ್ಲ, ಸದಾ ತೆರೆದೇ ಇದೆ ಎಂದು ಕರೆ ಬಂತು. ಮಾಸ್‌ಫೆಟ್ ಶಾರ್ಟ್ ಆಗಿತ್ತು. ಬೋರ್ಡ್ ತಿರುಗಿಸಿ ನೋಡಿದರೆ ಆ ಚಾನೆಲ್‌ನಲ್ಲಿ ಕಾಯಿಲ್‌ಗೆ ಅಡ್ಡವಾಗಿ ಇರಬೇಕಾದ ಡಯೋಡ್ ಇಲ್ಲ. ಹಿಂದೆ ಯಾರೋ 'ವಾಲ್ವ್ ನಿಧಾನ, ಡಯೋಡ್‌ನಿಂದ ಇರಬಹುದು' ಎಂದು ತೆಗೆದಿದ್ದರು.

ಕಾಯಿಲ್‌ನಲ್ಲಿ ಕರೆಂಟ್ ಏರಿಸುವಾಗ ಎದುರು ವೋಲ್ಟೇಜ್‌ಗೆ ವಿರುದ್ಧವಾಗಿ ಸಪ್ಲೈ ಕೆಲಸ ಮಾಡಬೇಕು. ಆ ಕೆಲಸ ಬಿಸಿಯಾಗಿ ಹೋಗುವುದಿಲ್ಲ, ಕಾಂತಕ್ಷೇತ್ರದಲ್ಲಿ ಶಕ್ತಿಯಾಗಿ ಕೂರುತ್ತದೆ:

```
E = ½ · L · I²
```

ಕರೆಂಟ್ ವರ್ಗದಲ್ಲಿ ಬರುವುದನ್ನು ನೋಡಿ. ಗಾಳಿ ಊದಿ ಸ್ವಚ್ಛ ಮಾಡುವಾಗ ಈ ವಾಲ್ವ್ ಕೆಲವು ಸೆಕೆಂಡ್ ತೆರೆದೇ ಇರುತ್ತದೆ, ಪ್ಲಂಜರ್ ಒಳಗಿರುತ್ತದೆ, ಇಂಡಕ್ಟೆನ್ಸ್ 200 ಮಿಲಿಹೆನ್ರಿ. ಕೆಟ್ಟ ಕ್ರಿಂಪ್ ಇದ್ದಾಗ 0.33 ಆಂಪಿಯರ್, ಅಂದರೆ 11 ಮಿಲಿಜೂಲ್. ನಾನು ಸರಿ ಮಾಡಿದ ಮೇಲೆ 0.5 ಆಂಪಿಯರ್, ಅಂದರೆ 25 ಮಿಲಿಜೂಲ್. ಕರೆಂಟ್ ಹೆಚ್ಚಿದ್ದು ಒಂದೂವರೆ ಪಟ್ಟು, ಶಕ್ತಿ ಹೆಚ್ಚಿದ್ದು ಎರಡು ಪಟ್ಟಿಗಿಂತ ಜಾಸ್ತಿ.

ಮಾಸ್‌ಫೆಟ್ ಆಫ್ ಆದಾಗ ಈ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಕಾಯಿಲ್ ತನ್ನ ಕರೆಂಟನ್ನು ಹಾಗೇ ಮುಂದುವರಿಸಲು ನೋಡುತ್ತದೆ. ದಾರಿ ಇಲ್ಲದಿದ್ದರೆ ವೋಲ್ಟೇಜ್ ಏರುತ್ತಾ ಹೋಗುತ್ತದೆ. 60 ವೋಲ್ಟ್‌ನ ಮಾಸ್‌ಫೆಟ್ ತನ್ನ ಮಿತಿ ದಾಟಿ ಮುರಿದು, ಅಷ್ಟೂ ಶಕ್ತಿಯನ್ನು ತಾನೇ ನುಂಗಬೇಕು. ಪ್ರತಿ ಸಲ 11 ಮಿಲಿಜೂಲ್ ಹೇಗೋ ತಡೆದುಕೊಂಡಿದ್ದ ಅದು 25ಕ್ಕೆ ಸೋತಿತು. ಕೆಟ್ಟ ಕ್ರಿಂಪ್ ಇಷ್ಟು ದಿನ ಎರಡನೇ ದೋಷವನ್ನು ಮುಚ್ಚಿಟ್ಟಿತ್ತು. ಕ್ರಿಂಪ್ ಸರಿ ಮಾಡಿದ ದಿನವೇ ನಾನು ಡ್ರೈನ್‌ನ ವೋಲ್ಟೇಜನ್ನೂ ಸ್ಕೋಪ್‌ನಲ್ಲಿ ನೋಡಬೇಕಿತ್ತು. ಈಗ ನೋಡದೆ ಬರುವುದಿಲ್ಲ.

ಡಯೋಡ್ ವಾಪಸ್ ಹಾಕಿದರೆ ಮಾಸ್‌ಫೆಟ್ ಉಳಿಯುತ್ತದೆ. ಆದರೆ ತೆಗೆದವರ ಅನುಮಾನದಲ್ಲೂ ಅರ್ಧ ಸತ್ಯ ಇತ್ತು. ಡಯೋಡ್ ತೆರೆಯುವುದನ್ನು ಏನೂ ಮಾಡುವುದಿಲ್ಲ, ಮುಚ್ಚುವುದನ್ನು ನಿಧಾನ ಮಾಡುತ್ತದೆ. ಕರೆಂಟ್ ಡಯೋಡ್ ಮತ್ತು ಕಾಯಿಲ್‌ನೊಳಗೇ ಸುತ್ತುತ್ತಾ, ತಂತಿಯ 23 ಓಮ್‌ನಲ್ಲಿ ಬಿಸಿಯಾಗಿ ಕರಗುತ್ತದೆ. ಈ ಪ್ಲಂಜರ್ ಬಿಡುವುದು 0.1 ಆಂಪಿಯರ್‌ಗೆ. 0.5ರಿಂದ ಅಲ್ಲಿಗೆ ಇಳಿಯಲು ಸುಮಾರು 12 ಮಿಲಿಸೆಕೆಂಡ್ ಬೇಕು.

ಈ ಇಳಿಕೆಯನ್ನು ಸ್ಕೋಪ್‌ನಲ್ಲಿ ನೋಡುವಾಗ ಎಚ್ಚರ. ಸೋರ್ಸ್‌ನ ಕೆಳಗಿಟ್ಟ 1 ಓಮ್‌ನಲ್ಲಿ ಅದು ಕಾಣುವುದಿಲ್ಲ. ಆಫ್ ಆದ ಕ್ಷಣ ಅಲ್ಲಿ ಗೆರೆ ನೇರ ಸೊನ್ನೆಗೆ ಬೀಳುತ್ತದೆ, ಯಾಕೆಂದರೆ ಸುತ್ತುವ ಕರೆಂಟ್ ಆ ದಾರಿಯಲ್ಲಿ ಬರುವುದೇ ಇಲ್ಲ. ರೆಸಿಸ್ಟರನ್ನು ಕಾಯಿಲ್‌ನ ಪಕ್ಕ, ಡಯೋಡ್ ಸುತ್ತಿನ ಒಳಗೆ ಇಡಬೇಕು. ಅಲ್ಲಿ ಎರಡೂ ತುದಿ 12 ವೋಲ್ಟ್ ಹತ್ತಿರ ಇರುತ್ತವೆ. ಸ್ಕೋಪ್‌ನ ಗ್ರೌಂಡ್ ಕ್ಲಿಪ್ಪನ್ನು ಅಲ್ಲಿಗೆ ಹಾಕಿದರೆ ಸಪ್ಲೈ ಶಾರ್ಟ್ ಆಗಬಹುದು. ಎರಡು ಪ್ರೋಬ್ ಇಟ್ಟು ಒಂದರಿಂದ ಇನ್ನೊಂದನ್ನು ಕಳೆದು ನೋಡಿ.

ನಿಮ್ಮ ಕೆಲಸಕ್ಕೆ 12 ಮಿಲಿಸೆಕೆಂಡ್ ಪರವಾಗಿಲ್ಲ ಎಂದರೆ ಡಯೋಡ್ ಒಂದೇ ಸಾಕು. ನಮಗೆ ಬೇಗ ಮುಚ್ಚಬೇಕಿತ್ತು. ಡಯೋಡ್‌ನ ಜೊತೆ ಸಾಲಿನಲ್ಲಿ, ಎದುರು ದಿಕ್ಕಿಗೆ, 24 ವೋಲ್ಟ್‌ನ ಜೀನರ್ ಹಾಕಿದೆ. ಈಗ ಕಾಯಿಲ್‌ನ ಮೇಲೆ ಸುಮಾರು 24.7 ವೋಲ್ಟ್ ಎದುರು ನಿಲ್ಲುತ್ತದೆ, ಕರೆಂಟ್ ಬೇಗ ಇಳಿಯುತ್ತದೆ. ಲೆಕ್ಕದ ಪ್ರಕಾರ 0.1 ಮುಟ್ಟಲು 2.6 ಮಿಲಿಸೆಕೆಂಡ್. ಡ್ರೈನ್ ಕಾಣುವುದು ಸಪ್ಲೈಯ 12 ಸೇರಿ ಸುಮಾರು 37 ವೋಲ್ಟ್, 60ರ ಮಿತಿಗೆ ಸಾಕಷ್ಟು ಕೆಳಗೆ. ಶಕ್ತಿಯ ಬಹುಪಾಲು ಈಗ ಜೀನರ್‌ನಲ್ಲಿ ಬಿಸಿಯಾಗುತ್ತದೆ. ಹಾಗಾಗಿ ಸೆಕೆಂಡಿಗೆ ಎಷ್ಟು ಪಲ್ಸ್ ಎಂದು ನೋಡಿ ಅದರ ವ್ಯಾಟ್ ಆರಿಸಿ. ಪ್ರತಿ ಸಲ 25 ಮಿಲಿಜೂಲ್, ಸೆಕೆಂಡಿಗೆ 20 ಸಲ ಎಂದರೆ ಅರ್ಧ ವ್ಯಾಟ್ ಆಯಿತು. ನಾನು 5 ವ್ಯಾಟ್‌ನದು ಹಾಕಿದೆ. ಆಮೇಲೆ ಉಳಿದ ಐದು ಚಾನೆಲ್‌ಗಳ ಕನೆಕ್ಟರ್‌ಗಳಲ್ಲೂ ವೋಲ್ಟೇಜ್ ನೋಡಿದೆ. ಎರಡನೆಯದರಲ್ಲಿ ಆಗಲೇ 0.4 ವೋಲ್ಟ್ ಇತ್ತು. ಅದನ್ನೂ ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿದೆ.